ಕಾಗಕ್ಕ ಬಾಗಿಲು ತಟ್ಟುವ ಹೊತ್ತು

ಕತೆ ಚೆನ್ನಾಗಿಯೇ ಮುಗಿದಿತ್ತು. ಬಯಲುಸೀಮೆಯ ಒಂದು ಹಳ್ಳಿಯ ಅಂಗನವಾಡಿ. ಚಾಪೆಯ ಮೇಲೆ 24 ಮಕ್ಕಳು, ಮೂರು ವರ್ಷದವರಿಂದ ಆರರ ಹತ್ತಿರ ಬಂದವರವರೆಗೆ, ಕಣ್ಣು ಮಿಟುಕಿಸದೆ ಕೇಳಿದ್ದರು. ಕೊನೆಯ ಮಾತು ಹೇಳಿ ಟೀಚರ್ ಎದ್ದು ನಿಂತರು. "ಸರಿ, ಈಗ ಎಲ್ಲರೂ ಹೋಗಿ ಕೈ ತೊಳ್ಕೊಂಡು ಬಂದು ಸಾಲಾಗಿ ಕೂತ್ಕೊಳ್ಳಿ" ಅಂದರು. ಹೊರಗಿದ್ದದ್ದು ಒಂದೇ ನಲ್ಲಿ. ಮುಂದಿನ ನಾಲ್ಕು ನಿಮಿಷದಲ್ಲಿ ಇಬ್ಬರು ಅಳುತ್ತಿದ್ದರು, ಒಬ್ಬನ ಅಂಗಿ ತೊಯ್ದಿತ್ತು, ಐದಾರು ಜನ ಗೇಟಿನ ಹತ್ತಿರ ಓಡಿದ್ದರು. ಟೀಚರ್ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಅಷ್ಟು ಹೊತ್ತು ಕಟ್ಟಿದ ಕತೆ ಯಾರ ಮುಖದಲ್ಲೂ ಉಳಿದಿರಲಿಲ್ಲ.

ಮಕ್ಕಳ ಮೇಲೆ ತಪ್ಪು ಹೊರಿಸುವುದು ಸುಲಭ. ಟೀಚರ್ ಮೇಲೆ ಹೊರಿಸುವುದು ಇನ್ನೂ ಸುಲಭ. ಆದರೆ ಶಾಲೆಗೆ ಮುಂಚಿನ ತರಗತಿಗಳಲ್ಲಿ ಹಲವು ಬೆಳಗುಗಳನ್ನು ಕೂತು ನೋಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಚಿಕ್ಕ ಮಕ್ಕಳ ತರಗತಿ ಕೆಡುವುದು ಹಾಡಿನಲ್ಲೂ ಅಲ್ಲ, ಕತೆಯಲ್ಲೂ ಅಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಆ ಎರಡು ಮೂರು ನಿಮಿಷಗಳಲ್ಲಿ ಅದು ಕೆಡುತ್ತದೆ. ಬೆಳಗಿನ ಎರಡು ಗಂಟೆಯಲ್ಲಿ ಇಂಥ ದಾಟುಗಳು ಐದಾರು ಬರುತ್ತವೆ. ಅವುಗಳಿಗೆ ಪಾಠದ ಟಿಪ್ಪಣಿಯಲ್ಲಿ ಜಾಗವೇ ಇರುವುದಿಲ್ಲ.

ಇದಕ್ಕೆ ಒಂದು ಉಪಾಯವಿದೆ. ಕತೆಯನ್ನು ಮುಗಿಸಿ ಮುಂದಿನ ಕೆಲಸಕ್ಕೆ ಹೋಗುವ ಬದಲು ಕತೆಯೊಳಗಿನಿಂದಲೇ ಮುಂದಿನ ಕೆಲಸಕ್ಕೆ ಹೋಗುವುದು. ಅದು ಹೇಗೆ ನಡೆಯುತ್ತದೆ ಎಂದು ನಮ್ಮೆಲ್ಲರಿಗೂ ಗೊತ್ತಿರುವ ಕಾಗಕ್ಕ ಗುಬ್ಬಕ್ಕನ ಕತೆ ಇಟ್ಟುಕೊಂಡೇ ನೋಡೋಣ.

ಮೊದಲು ಸುತ್ತು ಕೂರುವುದು

ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಶಾಲೆ ತೆರೆದ. ಕೆಲವೇ ವರ್ಷಗಳಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟ. ಮಕ್ಕಳನ್ನು ಸಾಲಾಗಿ ಕೂರಿಸದೆ ವೃತ್ತದಲ್ಲಿ ನಿಲ್ಲಿಸಿ ಹಾಡಿಸುವ, ಆಡಿಸುವ ರೂಢಿ ಅಲ್ಲಿಂದ ಹರಡಿತು. ನಮ್ಮ ಶಿಶುವಿಹಾರಗಳಲ್ಲಿ ಬೆಳಗ್ಗೆ ಮಕ್ಕಳು ದುಂಡಗೆ ಕೂರುವ ಹೊತ್ತಿನ ಬೇರು ಅಲ್ಲಿದೆ. ವೃತ್ತಕ್ಕೆ ಹಿಂದಿನ ಬೆಂಚು ಇಲ್ಲ. ಯಾರೂ ಯಾರ ಬೆನ್ನು ನೋಡುತ್ತಾ ಕೂರುವುದಿಲ್ಲ.

ಆದರೆ ಸುತ್ತು ಕೂರಿಸುವುದಕ್ಕೂ ಒಂದು ಹದವಿದೆ. ನೆಲದ ಮೇಲೆ ಸೀಮೆಸುಣ್ಣದಿಂದಲೋ ರಂಗೋಲಿ ಪುಡಿಯಿಂದಲೋ ಗೆರೆ ಎಳೆದು, ಮಗುವಿಗೊಂದರಂತೆ ಚುಕ್ಕಿ ಇಟ್ಟರೆ "ಸರಿದು ಕೂರು" ಎಂಬ ಮಾತು ಅರ್ಧ ಕಡಿಮೆಯಾಗುತ್ತದೆ. ಹಾಡಿಗೆ ಪೂರ್ತಿ ವೃತ್ತ ಒಳ್ಳೆಯದು. ಕತೆಗೆ ಅರ್ಧ ವೃತ್ತವೇ ಬೇಕು, ಇಲ್ಲದಿದ್ದರೆ ಟೀಚರ್ ಪಕ್ಕದಲ್ಲಿ ಕೂತ ಮಗುವಿಗೆ ಅವರ ಕಿವಿಯೋಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಟೀಚರ್ ಕಿಟಕಿಗೆ ಬೆನ್ನು ಹಾಕಿ ಕೂರಬಾರದು. ಹಿಂದಿನಿಂದ ಬೆಳಕು ಬಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಕತೆಯ ಅರ್ಧ ಇರುವುದೇ ಮುಖದಲ್ಲಿ. ಬಾಗಿಲು ಮಕ್ಕಳ ಬೆನ್ನ ಹಿಂದೆ ಇರಲಿ. ತಡವಾಗಿ ಬಂದವರನ್ನು ನೋಡಲು ಇಡೀ ಸುತ್ತು ತಿರುಗುವುದು ಆಗ ತಪ್ಪುತ್ತದೆ. ತೀರಾ ಚಿಕ್ಕವರು ಟೀಚರ್ ಕೈಗೆಟುಕುವಲ್ಲಿರಲಿ. ಕೀಟಲೆ ಮಾಡುವ ಇಬ್ಬರಿಗೆ ಒಬ್ಬರ ಪಕ್ಕ ಒಬ್ಬರು ಕೂರಲು ಬಿಡಬಾರದು, ಎದುರುಬದುರೂ ಕೂರಿಸಬಾರದು.

ಎಲ್ಲರೂ ಬರಲಿ ಎಂದು ಕಾಯುವುದು ಮೊದಲ ತಪ್ಪು. ಐದು ಮಕ್ಕಳು ಬಂದರೂ ಹಾಡು ಶುರುವಾಗಬೇಕು. ನಾನು ನೋಡಿದ ಒಬ್ಬ ಟೀಚರ್ ತಾವೇ ಕಟ್ಟಿದ ಎರಡು ಸಾಲು ಹಾಡುತ್ತಿದ್ದರು: "ಬಂದ್ರು ಬಂದ್ರು, ಯಾರು ಬಂದ್ರು? ಇವರೇ ಬಂದ್ರು, ಜಾಗ ಕೊಡಿ." 'ಇವರೇ' ಎನ್ನುವಲ್ಲಿ ಒಳಗೆ ಬಂದ ಮಗುವಿನ ಹೆಸರು. ಕೂತವರು ಚಪ್ಪಾಳೆ ತಟ್ಟುತ್ತಾ ಸರಿಯುತ್ತಿದ್ದರು, ಬಂದ ಮಗು ತನ್ನ ಹೆಸರು ಕೇಳಿಕೊಂಡು ಚುಕ್ಕಿಯ ಮೇಲೆ ಕೂರುತ್ತಿತ್ತು. ಹಾಜರಿ ಅಲ್ಲೇ ಮುಗಿಯುತ್ತಿತ್ತು. ಅಮ್ಮನ ಸೆರಗು ಬಿಡದ ಮಗುವಿಗೂ ಇದು ನೆರವಾಗುತ್ತಿತ್ತು. ತನಗಾಗಿ ಒಂದು ಜಾಗ ಖಾಲಿಯಿದೆ ಎಂದು ಅದು ಕಣ್ಣಾರೆ ನೋಡುತ್ತಿತ್ತಲ್ಲ.

ಈ ಹಾಡು ತಿಂಗಳುಗಟ್ಟಲೆ ಬದಲಾಗಬಾರದು. ದೊಡ್ಡವರಿಗೆ ಬೇಜಾರಾಗುತ್ತದೆ, ಮಕ್ಕಳಿಗೆ ಆಗುವುದಿಲ್ಲ. ಗಡಿಯಾರ ನೋಡಲು ಬಾರದ ಮಗುವಿಗೆ ಅದೇ ಗಡಿಯಾರ. ಇದರ ಜೊತೆಗೆ ಇನ್ನೊಂದೆರಡು ಕುಣಿಯುವ ಹಾಡು ಸಾಕು. ಮೊದಲನೆಯದು ನಿಂತು, ಜೋರಾಗಿ. ಎರಡನೆಯದು ಕೂತು, ಕೈಸನ್ನೆ ಮಾಡುತ್ತಾ. ಅದನ್ನೇ ಮತ್ತೊಮ್ಮೆ ನಿಧಾನವಾಗಿ, ಕೊನೆಗೆ ಪಿಸುಮಾತಿನಲ್ಲಿ. ಪಿಸುಮಾತು ನಿಂತಾಗ ಉಂಟಾಗುವ ಮೌನದಲ್ಲಿ ಕತೆ ಶುರುವಾಗಬೇಕು. "ಸುಮ್ಮನಿರಿ, ಕತೆ ಹೇಳ್ತೀನಿ" ಎನ್ನುವ ಅಗತ್ಯವೇ ಆಗ ಬರುವುದಿಲ್ಲ. ಕೂತು ಆಡುವ, ಹಾಡುವ ಈ ಹೊತ್ತು ಒಟ್ಟು 15 ನಿಮಿಷ ದಾಟಬಾರದು. ಮೂರು ವರ್ಷದವರೇ ಹೆಚ್ಚಿದ್ದರೆ 10 ನಿಮಿಷ ಸಾಕು.

ಕತೆ ಹೇಳುವಾಗ

ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಬಂತು, ಕಾಗಕ್ಕನ ಮನೆ ಕೊಚ್ಚಿಹೋಯಿತು. ನೆನೆದು ನಡುಗುತ್ತಾ ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ತಟ್ಟಿತು. ಗುಬ್ಬಕ್ಕ ಒಳಗಿನಿಂದಲೇ ಅಂದಿತು, ತಾಳು, ಮರಿಗೆ ನೀರು ಹಾಕ್ತಿದ್ದೀನಿ. ಮತ್ತೆ ತಟ್ಟಿತು. ತಾಳು, ಮರಿಗೆ ಅಂಗಿ ತೊಡಿಸ್ತಿದ್ದೀನಿ. ಮತ್ತೆ ತಟ್ಟಿತು. ತಾಳು, ತೊಟ್ಟಿಲು ತೂಗ್ತಿದ್ದೀನಿ.

ಈ ಕತೆ ಊರಿಗೊಂದು ಬಗೆ. ಗಡಿಯಾಚೆ ಮರಾಠಿಯಲ್ಲೂ ಇದೇ ಕತೆ ಇದೆ. ಅಲ್ಲಿ ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಮೇಣದ ಮನೆ. ಬೆಳಗಾವಿ ಕಡೆಯ ತರಗತಿಯಲ್ಲಿ ಮರಾಠಿ ಮಾತಾಡುವ ಮಗು ಈ ಕತೆಯನ್ನು ಮನೆಯಿಂದಲೇ ತಂದಿರುತ್ತದೆ. ಕನ್ನಡದ ಪದ ಗೊತ್ತಿಲ್ಲದಿದ್ದರೂ ಮುಂದೇನಾಗುತ್ತದೆ ಎಂದು ಅದಕ್ಕೆ ಗೊತ್ತು. ಹೊಸ ಭಾಷೆ ಕಲಿಯುವ ಮಗುವಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ.

ಮೂರರಿಂದ ಆರು ವರ್ಷದವರಿಗೆ ಈ ಕತೆ ಹೇಳಿ ಮಾಡಿಸಿದಂತಿದೆ, ಅದಕ್ಕೆ ಕಾರಣಗಳಿವೆ. ಪಾತ್ರ ಎರಡೇ. ನಡೆಯುವುದು ಒಂದೇ ಸಂಗತಿ. ಬಾಗಿಲು ತಟ್ಟುವ ಮಾತು ಮತ್ತೆ ಮತ್ತೆ ಬರುತ್ತದೆ, ಮೂರನೆಯ ಸಲ ಟೀಚರ್ ಬಾಯಿ ತೆರೆಯುವ ಮೊದಲೇ ಮಕ್ಕಳು ಹೇಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಗುಬ್ಬಕ್ಕ ಮರಿಗೆ ಮಾಡುವ ಕೆಲಸಗಳೆಲ್ಲ ಕೇಳುತ್ತಾ ಕೂತ ಮಗುವಿಗೆ ಅದೇ ಬೆಳಗ್ಗೆ ಮನೆಯಲ್ಲಿ ನಡೆದಿರುವಂಥವು. ಎಣ್ಣೆ ಹಚ್ಚುವುದು, ನೀರು ಹಾಕುವುದು, ಒರೆಸುವುದು, ಅಂಗಿ ತೊಡಿಸುವುದು, ಕಾಡಿಗೆ ಹಚ್ಚುವುದು, ಉಣಿಸುವುದು, ತೂಗುವುದು. ಯಾವುದರ ನಂತರ ಯಾವುದು ಎನ್ನುವುದು ಅದಕ್ಕೆ ಮೈಯಲ್ಲೇ ಗೊತ್ತು. ಮುಂದೆ ಲೆಕ್ಕ ಕಲಿಯುವಾಗ ಬೇಕಾಗುವ 'ಮೊದಲು', 'ಆಮೇಲೆ', 'ಕೊನೆಗೆ' ಎಂಬ ಕ್ರಮದ ಅರಿವು ಇಲ್ಲಿ ಹಲಗೆ ಬಳಪವಿಲ್ಲದೆ ಗಟ್ಟಿಯಾಗುತ್ತದೆ.

ಹೇಳುವಾಗ ಪುಸ್ತಕ ಬೇಡ. ಚಿತ್ರಪುಸ್ತಕ ಓದಿ ಹೇಳುವುದಕ್ಕೆ ಅದರದೇ ಹೊತ್ತಿದೆ. ಬಾಯಲ್ಲಿ ಹೇಳಿದಾಗ ಟೀಚರ್ ಕಣ್ಣು ಮಕ್ಕಳ ಮೇಲಿರುತ್ತದೆ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬೇಗ ಸಾಗಬೇಕು ಎಂದು ಅವರ ಮುಖವೇ ಹೇಳುತ್ತದೆ. ಒಂದೊಂದು ಕೆಲಸಕ್ಕೂ ಒಂದು ಕೈಸನ್ನೆ ಇರಲಿ, ಅದು ಪ್ರತಿ ಸಲವೂ ಒಂದೇ ಆಗಿರಲಿ. ಇನ್ನೂ ಮಾತು ಸರಿಯಾಗಿ ಬಾರದ ಮಗು, ಮನೆಯಲ್ಲಿ ಉರ್ದುವೋ ಲಂಬಾಣಿಯೋ ಆಡುವ ಮಗು ಮೊದಲು ಕೈಯಿಂದ ಕತೆಯೊಳಗೆ ಬರುತ್ತದೆ. ಮಾತು ಆಮೇಲೆ ಬರುತ್ತದೆ.

ಸಾಮಾನು ಹೆಚ್ಚು ಬೇಡ. ಆ ಟೀಚರ್ ಬಳಿ ಇದ್ದದ್ದು ಒಂದು ತಟ್ಟೆ, ಒಂದು ಮಣ್ಣಿನ ಹೆಂಟೆ, ಒಂದು ಕಲ್ಲು, ಒಂದು ಲೋಟ ನೀರು. ಸಗಣಿಯ ಬದಲು ಮಣ್ಣು. ಮಳೆ ಬರುವ ಜಾಗಕ್ಕೆ ಬಂದಾಗ ಕತೆ ನಿಲ್ಲಿಸಿ ಕೇಳಿದರು, "ಈಗ ಮಳೆ ಬಂದ್ರೆ ಏನಾಗುತ್ತೆ?" ಉತ್ತರಕ್ಕೆ ಕಾದರು. ಐದೂವರೆ ವರ್ಷದ ಹುಡುಗಿ "ಎರಡೂ ನೆನೀತವೆ" ಅಂದಳು. ಅದು ನಿಜವೇ. ಟೀಚರ್ ಹೌದೆಂದು ತಲೆಯಾಡಿಸಿ ಲೋಟದ ನೀರನ್ನು ಸಣ್ಣಗೆ ಸುರಿದರು. ಹೆಂಟೆಯ ಅಂಚು ಮೆತ್ತಗಾಗಿ, ಬಿರುಕು ಬಿಟ್ಟು, ಕುಸಿದು ತಟ್ಟೆಯಲ್ಲಿ ಕೆಸರಾಯಿತು. ಕಲ್ಲು ತೊಳೆದು ಹೊಳೆಯಿತು. ಯಾರೂ ಉಸಿರೆತ್ತಲಿಲ್ಲ. ಹಿಂದಿನಿಂದ ಒಂದು ಸಣ್ಣ ದನಿ ಬಂತು, "ಪಾಪ ಕಾಗಕ್ಕ."

ಆ ಕಾಯುವಿಕೆಯ ಬಗ್ಗೆ ಒಂದು ಮಾತು. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡು ಮಾತ್ರ. ಅದು ಮೂರು ಸೆಕೆಂಡಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ ಎಂದು ಅವರು 1970ರ ದಶಕದಲ್ಲಿ ತೋರಿಸಿದರು. ಅವರು ಅಳೆದದ್ದು ಹೆಚ್ಚಾಗಿ ದೊಡ್ಡ ಮಕ್ಕಳ ವಿಜ್ಞಾನ ತರಗತಿಗಳಲ್ಲಿ. ಮೂರು ವರ್ಷದ ಮಗುವಿಗೆ ಇನ್ನಷ್ಟು ಹೊತ್ತು ಬೇಕು. ಮನಸ್ಸಿನಲ್ಲೇ ಐದರವರೆಗೆ ಎಣಿಸುವುದು ಒಳ್ಳೆಯ ಅಭ್ಯಾಸ.

ಕತೆ ಐದರಿಂದ ಏಳು ನಿಮಿಷದಲ್ಲಿ ಮುಗಿಯಲಿ. ಕೆಲವು ಕಡೆ ಕೊನೆಗೆ ಕಾಗಕ್ಕನಿಗೆ ಬರೆ ಬೀಳುತ್ತದೆ, ಕೆಲವು ಕಡೆ ಬಾಗಿಲು ತೆರೆದು ಬೆಚ್ಚಗಿನ ಮೂಲೆ ಸಿಗುತ್ತದೆ. ಮೂರು ವರ್ಷದವರಿರುವ ಸುತ್ತಿನಲ್ಲಿ ಬಾಗಿಲು ತೆರೆಯುವ ಕತೆಯೇ ಸರಿ. ಆದರೆ ಮಳೆಯ ಭಯವನ್ನೂ, ಬಾಗಿಲ ಹೊರಗಿನ ಕಾಯುವಿಕೆಯನ್ನೂ ತೆಗೆದುಹಾಕಬಾರದು. ಅದನ್ನು ತೆಗೆದರೆ ಬಾಗಿಲು ತೆರೆದಾಗ ಆಗುವ ಸಂತೋಷವೂ ಹೋಗುತ್ತದೆ. "ಈ ಕತೆಯ ನೀತಿ ಏನು?" ಎಂದು ಕೇಳಲೂ ಬಾರದು. "ನೀನು ಗುಬ್ಬಕ್ಕ ಆಗಿದ್ದರೆ ಏನು ಮಾಡ್ತಿದ್ದೆ?" ಎಂಬ ಒಂದೇ ಪ್ರಶ್ನೆ ಸಾಕು.

ಕತೆಯಿಂದ ಕೆಲಸಕ್ಕೆ

ಈಗ ಮೊದಲ ದಾಟು ಬಂತು. ಮುಂದಿನ ಕೆಲಸ ಜೇಡಿಮಣ್ಣಿನಲ್ಲಿ ಮನೆ ಕಟ್ಟುವುದು. ಮಕ್ಕಳು ಸುತ್ತಿನಿಂದ ಎದ್ದು ಗೋಡೆಯ ಪಕ್ಕದ ನಾಲ್ಕು ಜಾಗಗಳಿಗೆ ಹೋಗಬೇಕು.

ಇಲ್ಲಿ ಮೊದಲ ನಿಯಮ, ಮುಂದಿನ ಜಾಗ ಮೊದಲೇ ಸಿದ್ಧವಿರಬೇಕು. ಕತೆ ನಡೆಯುತ್ತಿರುವಾಗಲೇ ಸಹಾಯಕಿ ನಾಲ್ಕು ಕಡೆ ಹಳೆಯ ಪೇಪರು ಹಾಸಿ, ಒಂದೊಂದರ ಮೇಲೂ ಆರು ಉಂಡೆ ಮಣ್ಣು, ಒಂದು ಡಬ್ಬಿ ಕಡ್ಡಿ, ಎರಡು ಒದ್ದೆ ಬಟ್ಟೆ ಇಟ್ಟಿದ್ದರು. ಟೀಚರ್ ಸಾಮಾನು ಹುಡುಕಲು ಒಂದು ನಿಮಿಷ ಬೆನ್ನು ತಿರುಗಿಸಿದರೂ ಆ ನಿಮಿಷ ಮಕ್ಕಳದಾಗುತ್ತದೆ, ಅದನ್ನು ಅವರು ಹೇಗೆ ಬಳಸುತ್ತಾರೆ ಎಂದು ಹೇಳಬೇಕಾಗಿಲ್ಲ.

ಎರಡನೆಯದು, ಎಲ್ಲರನ್ನೂ ಒಟ್ಟಿಗೆ ಎಬ್ಬಿಸಬಾರದು. ಟೀಚರ್ ಅಂದರು, "ಕಾಗಕ್ಕನಿಗೆ ಹೊಸ ಮನೆ ಬೇಕಲ್ಲ? ಗುಬ್ಬಿಮರಿಗಳು ಹಾರಿ ಹೋಗಿ ಕಟ್ಟಿಕೊಡ್ತವೆ. ಮೊದಲು ಕೆಂಪು ಬಟ್ಟೆ ಹಾಕಿರೋ ಮರಿಗಳು." ನಾಲ್ಕೈದು ಮಕ್ಕಳು ತಮ್ಮ ಅಂಗಿ ನೋಡಿಕೊಂಡು ಎದ್ದರು. ಉಳಿದವರು ಹಾಡಿದರು:

ಪುರ್ ಪುರ್ ರೆಕ್ಕೆ, ಮೆಲ್ಲಗೆ ಹಾರು,
ಕೊಂಬೆ ಸಿಕ್ಕಿತು, ಸುಮ್ಮನೆ ಕೂರು.

ಎರಡೇ ಸಾಲು. ಮೊದಲ ಸಾಲಿಗೆ ಹಾರಬೇಕು, ಎರಡನೆಯದಕ್ಕೆ ಕೂರಬೇಕು. ಸಾಲು ಮುಗಿಯುವಷ್ಟರಲ್ಲಿ ಆ ಮಕ್ಕಳು ಮಣ್ಣಿನ ಮುಂದೆ ಇದ್ದರು. ಆಮೇಲೆ ಹಸಿರು ಬಟ್ಟೆಯವರು, ಆಮೇಲೆ ಜಡೆ ಹಾಕಿದವರು, ಆಮೇಲೆ ಉಳಿದವರು. ಆರು ಸುತ್ತು ಹಾಡಿನಲ್ಲಿ, ಎರಡು ನಿಮಿಷದೊಳಗೆ, 24 ಮಕ್ಕಳೂ ಕೆಲಸಕ್ಕೆ ಕೂತಿದ್ದರು. ಬಣ್ಣದ ಹೆಸರಿನ ಪಾಠವೂ ದಾರಿಯಲ್ಲೇ ಆಗಿತ್ತು.

ಅಪ್ಪಣೆ ಮಾಡದ ಕೆಲಸವನ್ನು ಹಾಡು ಮಾಡುವುದೇಕೆ? "ಎದ್ದು, ಚಾಪೆ ಬಿಟ್ಟು, ಗೋಡೆ ಹತ್ತಿರ ಹೋಗಿ, ನಿಮ್ಮ ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ" ಎಂಬ ಒಂದು ವಾಕ್ಯದಲ್ಲಿ ನಾಲ್ಕು ಕೆಲಸಗಳಿವೆ. ಮೂರು ವರ್ಷದ ಮಗು ಮೊದಲನೆಯದನ್ನೋ ಕೊನೆಯದನ್ನೋ ಮಾತ್ರ ಹಿಡಿದುಕೊಳ್ಳುತ್ತದೆ. ಅದು ಹಟ ಮಾಡುತ್ತಿಲ್ಲ, ಅಷ್ಟನ್ನು ಒಟ್ಟಿಗೆ ನೆನಪಿಟ್ಟುಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ. ಹಾಡು ಒಂದು ಸಾಲಿಗೆ ಒಂದು ಕೆಲಸ ಕೊಡುತ್ತದೆ. ಆ ಕೆಲಸ ಎಲ್ಲಿಯವರೆಗೆ ಎಂಬುದನ್ನೂ ಹಾಡೇ ಹೇಳುತ್ತದೆ, ಸಾಲು ಮುಗಿದರೆ ಕೆಲಸ ಮುಗಿಯಬೇಕು.

ಕೆಲಸ ನಿಲ್ಲಿಸುವುದು ಶುರು ಮಾಡುವುದಕ್ಕಿಂತ ಕಷ್ಟ. ಅರ್ಧ ಕಟ್ಟಿದ ಮನೆಯನ್ನು ಬಿಟ್ಟೇಳಲು ಯಾವ ಮಗುವಿಗೂ ಇಷ್ಟವಿಲ್ಲ. "ಇನ್ನು ಐದು ನಿಮಿಷ" ಎಂದರೆ ಅದಕ್ಕೆ ಏನೂ ತಿಳಿಯುವುದಿಲ್ಲ. "ಇನ್ನು ಎರಡು ಕಡ್ಡಿ ಇಡಿ, ಆಮೇಲೆ ಗೂಡು ಗುಡಿಸೋಣ" ಎಂದರೆ ತಿಳಿಯುತ್ತದೆ. ಆಮೇಲೆ ಎತ್ತಿಡುವ ಹಾಡು:

ಮಣ್ಣು ಹೋಗಲಿ ಬುಟ್ಟಿಗೆ,
ಕಡ್ಡಿ ಹೋಗಲಿ ಡಬ್ಬಿಗೆ,
ಗೂಡು ಗುಡಿಸಿ ಚೊಕ್ಕ ಮಾಡಿ,
ಕಾಗಕ್ಕ ಬರ್ತಾಳೆ ಒಳಗೆ.

ಕಟ್ಟಿದ ಮನೆಗಳನ್ನು ಮುರಿಸಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟರು. ಬಿಟ್ಟದ್ದು ಕಳೆದುಹೋಗುವುದಿಲ್ಲ ಎಂದು ಗೊತ್ತಾದ ಮಗು ಸುಲಭವಾಗಿ ಬಿಟ್ಟೇಳುತ್ತದೆ.

ನಲ್ಲಿಯ ಲೆಕ್ಕ

ಮತ್ತೆ ಆ ನಲ್ಲಿಗೆ ಬರೋಣ. ಮಣ್ಣಿನ ಕೈ, ಹಾಲು ಕಾಯುತ್ತಿದೆ. ಒಂದು ಮಗು ಕೈ ತೊಳೆಯಲು ಅರ್ಧ ನಿಮಿಷ ಬೇಕು. 24 ಮಕ್ಕಳಿಗೆ 12 ನಿಮಿಷ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಕೊನೆಯ ಮಗು 12 ನಿಮಿಷ ಮುಂದಿನವನ ಬೆನ್ನು ನೋಡುತ್ತಾ ನಿಲ್ಲಬೇಕು. ಏನೂ ಮಾಡಲು ಇಲ್ಲದ 12 ನಿಮಿಷ! ತಳ್ಳಾಟ ಆಗದೆ ಇನ್ನೇನಾದೀತು?

ಅದೇ ಅಂಗನವಾಡಿಗೆ ಕೆಲವು ತಿಂಗಳ ನಂತರ ಮತ್ತೆ ಹೋದಾಗ ಲೆಕ್ಕ ಬದಲಾಗಿತ್ತು. ನಲ್ಲಿಯ ಜೊತೆಗೆ ಹೊಸಿಲ ಹೊರಗೆ ಒಂದು ಬಕೆಟ್ಟು, ಒಂದು ಚೊಂಬು. ಸಹಾಯಕಿ ಅಲ್ಲಿ ನಿಂತು ನೀರು ಹಾಕುತ್ತಿದ್ದರು. ಒಂದೇ ಹೊತ್ತಿಗೆ ಇಬ್ಬರ ಕೈ ತೊಳೆಯುತ್ತಿದ್ದುದರಿಂದ 12 ನಿಮಿಷ ಆರಕ್ಕೆ ಇಳಿದಿತ್ತು. ಇನ್ನೂ ದೊಡ್ಡ ಬದಲಾವಣೆ ಒಳಗಿತ್ತು. ಸಾಲೇ ಇರಲಿಲ್ಲ. ಮಕ್ಕಳು ಸುತ್ತಿನಲ್ಲೇ ಕೂತಿದ್ದರು, ಕತೆ ಮುಂದುವರಿದಿತ್ತು.

"ಕಾಗಕ್ಕ ಬಾಗಿಲು ತಟ್ಟಿದ್ಲು. ಗುಬ್ಬಕ್ಕ ಏನಂದ್ಲು?" ಒಂದು ಮಗು ಒಂದು ಕೆಲಸ ಹೇಳಬೇಕು, ಎಲ್ಲರೂ ಅದರ ಕೈಸನ್ನೆ ಮಾಡಬೇಕು. ಹೇಳಿದವರೂ ಪಕ್ಕದ ಮೂವರೂ ಎದ್ದು ಕೈ ತೊಳೆಯಲು ಹಾರಬೇಕು. ಒಬ್ಬ ಹುಡುಗ "ಮರಿಗೆ ಇಡ್ಲಿ ತಿನ್ನಿಸ್ತಿದ್ದೀನಿ" ಅಂದ. ಇನ್ನೊಬ್ಬಳು "ಫೋನ್ ಚಾರ್ಜಿಗೆ ಹಾಕ್ತಿದ್ದೀನಿ, ತಾಳು" ಅಂದಳು. ಟೀಚರ್ ಅದನ್ನು ತಿದ್ದಲಿಲ್ಲ. ಗುಬ್ಬಕ್ಕನ ಮನೆಗೆ ಫೋನು ಬಂತು, ಎಲ್ಲರೂ ವೈರು ಚುಚ್ಚುವ ಸನ್ನೆ ಮಾಡಿದರು. ಹೊರಗೆ ನೀರಿನ ಹತ್ತಿರ ಸಹಾಯಕಿಯ ಹಾಡು ಕೇಳುತ್ತಿತ್ತು:

ಅಂಗೈ ಉಜ್ಜು, ಹಿಂಗೈ ಉಜ್ಜು,
ಬೆರಳ ಸಂದಿ, ಉಗುರ ತುದಿ,
ಗುಬ್ಬಿಮರಿಗೆ ನೀರು ಹಾಕು,
ಒದರು ಒದರು, ಒಳಗೆ ನಡಿ.

ನಿಧಾನವಾಗಿ ಎರಡು ಸಲ ಹಾಡಿದರೆ ಸೋಪು ಹಚ್ಚಿ ಉಜ್ಜಲು ಬೇಕಾದ 20 ಸೆಕೆಂಡು ಆಗುತ್ತದೆ. ತೊಳೆದು ಬಂದ ಮಗು ಮತ್ತೆ ಸುತ್ತಿಗೆ ಬರುವುದಿಲ್ಲ, ನೇರವಾಗಿ ಲೋಟದ ಮುಂದೆ ಕೂರುತ್ತದೆ. ಕೈ ತೊಳೆಯುವುದು ಮುಗಿಯುವುದಕ್ಕೂ ಕೊನೆಯ ಲೋಟಕ್ಕೆ ಹಾಲು ಬೀಳುವುದಕ್ಕೂ ಸರಿಹೋಯಿತು. ಹಿಂದೆ ನಾಲ್ಕು ನಿಮಿಷದಲ್ಲಿ ಕೆಟ್ಟುಹೋಗಿದ್ದ ಕತೆಯನ್ನು ಈಗ ಮಕ್ಕಳೇ ಮುಂದೆ ಕಟ್ಟುತ್ತಿದ್ದರು.

ಎಲ್ಲಿ ಎಡವುತ್ತೇವೆ

ಈ ಉಪಾಯ ಗೊತ್ತಾದ ಮೇಲೂ ಕೆಲವು ಕಡೆ ಕೈಕೊಡುತ್ತದೆ. ದಾಟುವ ಹೊತ್ತಿನಲ್ಲಿ ಹೊಸ ಹಾಡು ಕಲಿಸಲು ಹೋಗುವುದು ಹೆಚ್ಚು ಜನ ಮಾಡುವ ತಪ್ಪು. ಮಗು ಪದವನ್ನು ಹಿಡಿಯಬೇಕೋ ಕೆಲಸ ಮಾಡಬೇಕೋ ತಿಳಿಯದೆ ಎರಡನ್ನೂ ಬಿಡುತ್ತದೆ. ದಾಟುವ ಹಾಡನ್ನು ಮೊದಲು ಸುತ್ತಿನಲ್ಲಿ ಕೂತು ಮೂರು ನಾಲ್ಕು ದಿನ ಕಲಿಯಬೇಕು, ಆಮೇಲೆ ಕೆಲಸಕ್ಕೆ ಹಚ್ಚಬೇಕು. ಹಾಡುಗಳ ಸಂಖ್ಯೆಯೂ ಹೆಚ್ಚಬಾರದು. ಬಂದವರಿಗೆ ಒಂದು, ಎದ್ದು ಹೋಗಲು ಒಂದು, ಎತ್ತಿಡಲು ಒಂದು, ಕೈ ತೊಳೆಯಲು ಒಂದು. ಈ ನಾಲ್ಕು ವರ್ಷವಿಡೀ ಸಾಕು. ಹಾರುವ ಗುಬ್ಬಿಯ ಜಾಗದಲ್ಲಿ ಮುಂದಿನ ಕತೆಗೆ ಕುಪ್ಪಳಿಸುವ ಕಪ್ಪೆ ಬರಬಹುದು, ಧಾಟಿ ಮಾತ್ರ ಅದೇ ಇರಲಿ.

ಫೋನಿನಲ್ಲೋ ಟಿವಿಯಲ್ಲೋ ಹಾಡು ಹಾಕಿಬಿಡುವುದು ಇನ್ನೊಂದು. ಮಕ್ಕಳು ಸುಮ್ಮನೆ ಕೂರುತ್ತಾರೆ, ನಿಜ. ಆದರೆ ಪರದೆಯ ಹಾಡು ಯಾರಿಗಾಗಿಯೂ ನಿಧಾನವಾಗುವುದಿಲ್ಲ. ಚಪ್ಪಲಿಯ ಪಟ್ಟಿ ಸಿಕ್ಕಿಹಾಕಿಕೊಂಡ ಮಗುವಿಗಾಗಿ ಮತ್ತೊಂದು ಸಾಲು ಹಾಡುವುದಿಲ್ಲ. ದಾಟಿಸುವ ಹಾಡಿಗೆ ಇಂಪಾದ ಕಂಠ ಬೇಡ, ಮಕ್ಕಳನ್ನು ನೋಡುತ್ತಾ ಹಾಡುವ ಕಂಠ ಬೇಕು.

ಸುತ್ತು ಸಡಿಲವಾಗುತ್ತಿದೆ ಎಂದು ತಿಳಿಯಲು ಗಲಾಟೆಯನ್ನು ಕಾಯಬೇಕಾಗಿಲ್ಲ. ಎಷ್ಟೋ ಸಲ ಗಲಾಟೆ ಕತೆಯ ಉತ್ಸಾಹದ್ದೇ ಆಗಿರುತ್ತದೆ. ಚಾಪೆಯ ಎಳೆ ಕೀಳುವುದು, ಮಲಗುವುದು, ಬಾಗಿಲ ಕಡೆ ನೋಡುವುದು, ಇವು ನಿಜವಾದ ಗುರುತು. ಒಂದು ಮಗು ಹಾಗೆ ಮಾಡಿದರೆ ಅದಕ್ಕೊಂದು ಪಾತ್ರ ಕೊಡಿ. ಲೋಟದ ನೀರು ಸುರಿಯುವ ಮಳೆಯಾಗಲಿ. ಮೂರು ನಾಲ್ಕು ಮಕ್ಕಳು ಹಾಗೆ ಮಾಡಿದರೆ ತಪ್ಪು ಅವರದಲ್ಲ, ಕತೆ ಉದ್ದವಾಗಿದೆ. ಎಲ್ಲರನ್ನೂ ಎಬ್ಬಿಸಿ ಮಳೆಯಲ್ಲಿ ನಡುಗುವ ಕಾಗಕ್ಕ ಮಾಡಿಸಿ, ಬೇಗ ಬಾಗಿಲು ತೆರೆದುಬಿಡಿ.

ಸುತ್ತಿನಲ್ಲಿ ಕೂರಲೇ ಒಪ್ಪದ ಮಗುವೂ ಇರುತ್ತದೆ. ಅದನ್ನು ಎಳೆದು ಕೂರಿಸಬಾರದು. ಅಂಚಿನಲ್ಲಿ, ಕಂಬಕ್ಕೆ ಒರಗಿ ನಿಂತೇ ಕೇಳಲಿ. ಹಾಗೆ ನಿಂತ ಹುಡುಗನೊಬ್ಬ ವಾರಗಟ್ಟಲೆ ಒಂದು ಮಾತೂ ಆಡಿರಲಿಲ್ಲ. ಒಂದು ದಿನ ಅವನ ಅಜ್ಜಿ ಬಂದು, ಮನೆಯಲ್ಲಿ ಬಚ್ಚಲ ಬಾಗಿಲು ತಟ್ಟಿ "ಗುಬ್ಬಕ್ಕ, ತೆಗಿಯೇ" ಎಂದು ಕೂಗುತ್ತಾನೆ, ಏನಿದು ಟೀಚರ್ ಎಂದು ಕೇಳಿದರು. ನಿಂತೇ ಕೇಳಿದ ಕತೆ ಅವನ ಜೊತೆ ಮನೆಗೆ ಹೋಗಿತ್ತು. ಆದರೆ ಎಷ್ಟು ಕಾದರೂ ಕರೆದರೆ ತಿರುಗದ, ಹಾಡಿಗೂ ಸನ್ನೆಗೂ ಒಂದಿಷ್ಟೂ ಸ್ಪಂದಿಸದ ಮಗುವಿನ ವಿಷಯ ಬೇರೆ. ಕಿವಿ ಕೇಳಿಸುತ್ತಿದೆಯೇ ಎಂದು ಮೊದಲು ವೈದ್ಯರಿಗೆ ತೋರಿಸಬೇಕು. ಕತೆ ಅದಕ್ಕೆ ಮದ್ದಲ್ಲ.

ಒಂದೇ ಕತೆ, ಒಂದು ವಾರ

ದಿನಕ್ಕೊಂದು ಹೊಸ ಕತೆ ಹೇಳಬೇಕೆಂಬ ಹಟ ಬೇಡ. ಸೋಮವಾರ ಕೇಳಿದ ಕತೆಯನ್ನು ಮಂಗಳವಾರ ಕೈಗೊಂಬೆಯಲ್ಲಿ ನೋಡಲಿ, ಬುಧವಾರ ಮಣ್ಣಿನಲ್ಲಿ ಕಟ್ಟಲಿ, ಗುರುವಾರ ತಾವೇ ಆಡಲಿ. ಶುಕ್ರವಾರ ತಾವೇ ಹೇಳಲಿ. ಕೊನೆಯ ಎರಡು ದಿನಗಳಿಗೆ ಅಮೆರಿಕದ ವಿವಿಯನ್ ಗಸ್ಸಿನ್ ಪೇಲಿ ಒಳ್ಳೆಯ ದಾರಿ ತೋರಿಸಿದ್ದಾರೆ. ಶಿಕಾಗೊ ವಿಶ್ವವಿದ್ಯಾಲಯದ ಲ್ಯಾಬೊರೇಟರಿ ಶಾಲೆಯಲ್ಲಿ ಅವರು ವರ್ಷಗಟ್ಟಲೆ ಚಿಕ್ಕ ಮಕ್ಕಳಿಗೆ ಕಲಿಸಿದವರು. ಮಗು ಹೇಳಿದ ಕತೆಯನ್ನು ಹೇಳಿದಂತೆಯೇ ಬರೆದುಕೊಳ್ಳುತ್ತಿದ್ದರು. ಆಮೇಲೆ ಅದನ್ನು ಎಲ್ಲರ ಮುಂದೆ ಓದಿ, ಕತೆ ಹೇಳಿದ ಮಗುವಿನಿಂದ ಅದನ್ನು ಗೆಳೆಯರ ಜೊತೆ ಆಡಿಸುತ್ತಿದ್ದರು. ನಮ್ಮ ಫೋನ್ ಚಾರ್ಜಿಗೆ ಹಾಕಿದ ಗುಬ್ಬಕ್ಕನೂ ಹೀಗೆ ಒಂದು ಹಾಳೆಯ ಮೇಲೆ ಬಂದರೆ, ತಾನು ಆಡಿದ ಮಾತು ಬರಹವಾಗುತ್ತದೆ ಎಂಬ ಅಕ್ಷರದ ಮೊದಲ ಪಾಠ ಆ ಹುಡುಗಿಗೆ ಆದಂತೆಯೇ.

ಈ ದಾರಿ ನಮಗೂ ಹೊಸದಲ್ಲ. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ' ಎಂಬ ಪುಸ್ತಕದಲ್ಲಿ ಒಬ್ಬ ಹೊಸ ಮೇಷ್ಟ್ರು ಬರುತ್ತಾರೆ. ಮೊದಲ ದಿನ ಅವರು ಮಕ್ಕಳಿಗೆ ಮೌನದ ಆಟ ಆಡಿಸಲು ಹೋಗಿ ತರಗತಿ ರಂಪವಾಗುತ್ತದೆ. ಮರುದಿನ ಕತೆ ಹೇಳಲು ಶುರು ಮಾಡುತ್ತಾರೆ. ಕೇಳಿಕೊಂಡಾಗ ಸಿಗದ ಮೌನ ಆಗ ತಾನಾಗಿ ಬರುತ್ತದೆ.

ಅಂಗನವಾಡಿಯಲ್ಲಿ, ನರ್ಸರಿಯಲ್ಲಿ ಕಲಿಸುವವರಿಗೆ ನನ್ನದೊಂದು ವಿನಂತಿ. ನಾಳೆ ಬೆಳಗ್ಗೆ ಇಡೀ ಪಾಠವನ್ನು ಬದಲಿಸಬೇಡಿ. ದಿನವೂ ಹೆಚ್ಚು ಕೂಗಬೇಕಾಗುವ ಒಂದು ದಾಟನ್ನು ಹುಡುಕಿ. ಒಂದು ಕೆಲಸದ ಕೊನೆಯ ಮಾತಿನಿಂದ ಮುಂದಿನ ಕೆಲಸಕ್ಕೆ ಕೊನೆಯ ಮಗು ಕೂರುವವರೆಗೆ ಎಷ್ಟು ನಿಮಿಷವಾಯಿತು ಎಂದು ಗಡಿಯಾರ ನೋಡಿ ಬರೆದಿಡಿ. ಆ ಒಂದು ಜಾಗಕ್ಕೆ ಎರಡು ಸಾಲು ಕಟ್ಟಿ, ಅಂದಿನ ಕತೆಯ ಪಾತ್ರವನ್ನು ಅದರೊಳಗೆ ಕೂರಿಸಿ, ಹದಿನೈದು ದಿನ ಬಿಡದೆ ಹಾಡಿ. ಆಮೇಲೆ ಮತ್ತೆ ಗಡಿಯಾರ ನೋಡಿ. ಮನೆಯಲ್ಲಿರುವ ಅಪ್ಪ ಅಮ್ಮಂದಿರೂ ಸಂಜೆ ಬಾಗಿಲು ತಟ್ಟುವ ಸದ್ದು ಕೇಳಿದರೆ ಏನು ಗಲಾಟೆ ಎಂದು ಗದರಬೇಡಿ. ಒಳಗಿನಿಂದ "ತಾಳು, ಮರಿಗೆ ಉಣಿಸ್ತಿದ್ದೀನಿ" ಎಂದು ಹೇಳಿ. ಮಗು ಅದಕ್ಕಾಗಿಯೇ ಕಾಯುತ್ತಿರುತ್ತದೆ.